140ಕ್ಕೆ ಒಂದು ಎಂದರೆ ಏನು?

ಹನ್ನೆರಡೂವರೆ ವಾರದ ಗರ್ಭಿಣಿಯೊಬ್ಬರು ಕಳೆದ ವರ್ಷ ರಕ್ತಪರೀಕ್ಷೆಯ ವರದಿ ಹಿಡಿದು ನನ್ನ ಬಳಿ ಬಂದಿದ್ದರು. ವಯಸ್ಸು ಮೂವತ್ತು, ಮೊದಲ ಬಸಿರು. ವರದಿಯ ಕೆಳಗೆ ಕೆಂಪಕ್ಷರದಲ್ಲಿ 'ಹೈ ರಿಸ್ಕ್, ಡೌನ್ ಸಿಂಡ್ರೋಮ್ 1:140' ಎಂದು ಅಚ್ಚಾಗಿತ್ತು. ಡೌನ್ ಸಿಂಡ್ರೋಮ್ ಎಂದರೆ ಒಂದು ಕ್ರೋಮೋಸೋಮ್ ಹೆಚ್ಚಾಗಿರುವುದರಿಂದ ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಮಗು ಸರಿಯಿಲ್ಲ ಅಂತಾನಾ?"

ಹಾಗಲ್ಲ. ಇದೇ ಫಲಿತಾಂಶ ಬಂದ 140 ಗರ್ಭಿಣಿಯರನ್ನು ಒಂದೆಡೆ ಸೇರಿಸಿದರೆ, ಅವರಲ್ಲಿ ಒಬ್ಬರ ಮಗುವಿಗೆ ಮಾತ್ರ ಡೌನ್ ಸಿಂಡ್ರೋಮ್ ಇರುವ ನಿರೀಕ್ಷೆ, ಉಳಿದ 139 ಮಂದಿಯ ಮಕ್ಕಳಿಗೆ ಅದು ಇರುವುದಿಲ್ಲ. 250ಕ್ಕೆ ಒಂದಕ್ಕಿಂತ ಹೆಚ್ಚಿನ ಸಂಭವವನ್ನು ನಮ್ಮಲ್ಲಿ ಬಹುತೇಕ ಪ್ರಯೋಗಾಲಯಗಳು 'ಹೈ ರಿಸ್ಕ್' ಎಂದು ಕರೆಯುತ್ತವೆ. ಮುಂದಿನ ಪರೀಕ್ಷೆ ಯಾರಿಗೆ ಬೇಕು ಎಂದು ನಿರ್ಧರಿಸಲು ಎಳೆದ ಗೆರೆ ಅದು, ರೋಗನಿರ್ಣಯವಲ್ಲ.

ಆ ಸಂಖ್ಯೆ ಎಲ್ಲಿಂದ ಬಂತು ಎಂದು ಅವರಿಗೆ ವರದಿಯ ಮೇಲೆಯೇ ಬೆರಳಿಟ್ಟು ತೋರಿಸಿದೆ. ಮೂವತ್ತರ ವಯಸ್ಸಿಗೆ, ಈ ವಾರಗಳಲ್ಲಿ, ಆರಂಭದ ಸಂಭವ ಸುಮಾರು 600ಕ್ಕೆ ಒಂದು. ಇದನ್ನು ಮೂರು ಅಳತೆಗಳು ಮೇಲಕ್ಕೋ ಕೆಳಕ್ಕೋ ಸರಿಸುತ್ತವೆ. ಮೊದಲನೆಯದು ಎನ್‌ಟಿ, ಅಂದರೆ ಭ್ರೂಣದ ಕುತ್ತಿಗೆಯ ಹಿಂಭಾಗದಲ್ಲಿ ಚರ್ಮದ ಕೆಳಗೆ ಸ್ಕ್ಯಾನಿನಲ್ಲಿ ಕಪ್ಪು ಗೆರೆಯಂತೆ ಕಾಣುವ ದ್ರವದ ದಪ್ಪ. ಈ ದ್ರವ ಎಲ್ಲ ಭ್ರೂಣಗಳಲ್ಲೂ ಇರುತ್ತದೆ, ಹೆಚ್ಚಾದಾಗ ಮಾತ್ರ ಸಂಭವ ಏರುತ್ತದೆ. ಉಳಿದ ಎರಡು ತಾಯಿಯ ರಕ್ತದಲ್ಲಿರುವ, ಮಾಸು ತಯಾರಿಸುವ ವಸ್ತುಗಳು: ಪ್ಯಾಪ್-ಎ ಮತ್ತು ಫ್ರೀ ಬೀಟಾ ಎಚ್‌ಸಿಜಿ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಇಳಿದು ಎರಡನೆಯದು ಏರಿರುತ್ತದೆ. ಈಕೆಯ ಎನ್‌ಟಿ 2.1 ಮಿ.ಮೀ., ಅಂದರೆ ಸಹಜ ಮಿತಿಯೊಳಗೆ. ಆದರೆ ಪ್ಯಾಪ್-ಎ ಆ ವಾರದ ಸರಾಸರಿಯ ಅರ್ಧಕ್ಕಿಂತ ಕಡಿಮೆಯಿತ್ತು, ಬೀಟಾ ಎಚ್‌ಸಿಜಿ ಎರಡರಷ್ಟಿತ್ತು. ಸಂಭವ ಏರಿದ್ದು ರಕ್ತದಿಂದ.

ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಗರ್ಭದ ವಾರಗಳನ್ನು ಹೇಗೆ ಲೆಕ್ಕ ಹಾಕಿದ್ದಾರೆ ಎಂಬುದನ್ನು. ಈ ಅವಧಿಯಲ್ಲಿ ಪ್ಯಾಪ್-ಎ ದಿನದಿಂದ ದಿನಕ್ಕೆ ಏರುತ್ತದೆ, ಬೀಟಾ ಎಚ್‌ಸಿಜಿ ಇಳಿಯುತ್ತದೆ. ಮುಟ್ಟು ತಡವಾಗಿ ಆಗುವವರಲ್ಲಿ ಕೊನೆಯ ಮುಟ್ಟಿನ ದಿನಾಂಕವನ್ನೇ ನಂಬಿ ಲೆಕ್ಕ ಹಾಕಿದರೆ ಗರ್ಭ ನಿಜಕ್ಕಿಂತ ಒಂದು ವಾರ ದೊಡ್ಡದೆಂದು ದಾಖಲಾಗಬಹುದು. ಆಗ ಸಹಜವಾದ ಪ್ಯಾಪ್-ಎ ಕಡಿಮೆಯಾಗಿಯೂ ಸಹಜವಾದ ಬೀಟಾ ಎಚ್‌ಸಿಜಿ ಹೆಚ್ಚಾಗಿಯೂ ತೋರಿ, ಎರಡೂ ತಪ್ಪುಗಳು ಸೇರಿ ಡೌನ್ ಸಿಂಡ್ರೋಮ್‌ನ ಚಹರೆಯನ್ನೇ ಮೂಡಿಸುತ್ತವೆ. ಆದ್ದರಿಂದ ಸ್ಕ್ಯಾನಿನಲ್ಲಿ ತಲೆಯಿಂದ ಪೃಷ್ಠದವರೆಗೆ ಅಳೆದ ಭ್ರೂಣದ ಉದ್ದದಿಂದಲೇ ವಾರ ನಿಗದಿಯಾಗಬೇಕು. ಆ ಉದ್ದ 45ರಿಂದ 84 ಮಿ.ಮೀ. ಒಳಗಿದ್ದಾಗ ಮಾತ್ರ ಈ ಪರೀಕ್ಷೆ ಸಲ್ಲುತ್ತದೆ. ಎನ್‌ಟಿಯ ಚಿತ್ರವನ್ನೂ ನೋಡುತ್ತೇನೆ: ಭ್ರೂಣ ಕತ್ತನ್ನು ಹಿಂದಕ್ಕೆ ಚಾಚಿದ್ದರೆ ಅಳತೆ ಹಿಗ್ಗುತ್ತದೆ, ಗದ್ದವನ್ನು ಎದೆಗೆ ಒತ್ತಿದ್ದರೆ ಕುಗ್ಗುತ್ತದೆ. ಈಕೆಯ ವರದಿಯಲ್ಲಿ ಉದ್ದ 61 ಮಿ.ಮೀ., ವಾರ ಸರಿ, ಚಿತ್ರವೂ ಸರಿ. 140ಕ್ಕೆ ಒಂದು ಎಂಬುದು ಹಾಗೆಯೇ ಉಳಿಯಿತು.

ಮುಂದೆ ಎರಡು ದಾರಿಗಳಿದ್ದವು. ಖಚಿತ ಉತ್ತರ ಬೇಕಿದ್ದರೆ ಮಾಸಿನ ಚೂರು ತೆಗೆಯುವ ಸಿವಿಎಸ್ ಪರೀಕ್ಷೆ, ಅಥವಾ ಹದಿನೈದು ವಾರ ದಾಟಿದ ಮೇಲೆ ಗರ್ಭನೀರು ತೆಗೆಯುವ ಆಮ್ನಿಯೊಸೆಂಟೆಸಿಸ್. ಎರಡರಲ್ಲೂ ಹೊಟ್ಟೆಗೆ ಸೂಜಿ ಹಾಕಬೇಕು, ಗರ್ಭಪಾತದ ಅಪಾಯ ಸಣ್ಣದಾದರೂ ಇದ್ದೇ ಇದೆ. ಇನ್ನೊಂದು ದಾರಿ ಎನ್‌ಐಪಿಟಿ: ತಾಯಿಯ ರಕ್ತದಲ್ಲಿ ತೇಲುವ, ಮಾಸಿನಿಂದ ಬಂದ ಡಿಎನ್‌ಎ ತುಣುಕುಗಳ ಪರೀಕ್ಷೆ. ಡೌನ್ ಸಿಂಡ್ರೋಮ್ ವಿಷಯದಲ್ಲಿ ಇದು ಬಹಳ ನಿಖರ, ಆದರೂ ಇದೂ ಜರಡಿಯೇ. ಇದರಲ್ಲಿ ಹೈ ರಿಸ್ಕ್ ಬಂದರೆ ಸೂಜಿ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಗರ್ಭ ತೆಗೆಸುವ ಮಾತು ಎತ್ತಲೇಬಾರದು.

ಈಕೆಯ ಎನ್‌ಟಿ 3.5 ಮಿ.ಮೀ. ಅಥವಾ ಹೆಚ್ಚಿದ್ದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಆಗ ಎನ್‌ಐಪಿಟಿಗೆಂದು ಕಾಯದೆ ನೇರವಾಗಿ ಸಿವಿಎಸ್ ಸೂಚಿಸುತ್ತೇನೆ, ಏಕೆಂದರೆ ಎನ್‌ಐಪಿಟಿ ಹುಡುಕದ ಬೇರೆ ಕ್ರೋಮೋಸೋಮ್ ದೋಷಗಳೂ ಅಲ್ಲಿ ಇರಬಹುದು. ಕ್ರೋಮೋಸೋಮ್ ಸರಿಯಿದ್ದರೂ ಹೃದಯದ ರಚನೆಯಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಭ್ರೂಣದ ಹೃದಯದ ಸ್ಕ್ಯಾನ್ ಬೇಕೇ ಬೇಕು.

ದಂಪತಿಗಳು ಎರಡು ದಿನ ಯೋಚಿಸಿ ಎನ್‌ಐಪಿಟಿ ಆರಿಸಿಕೊಂಡರು. ಫಲಿತಾಂಶ 'ಲೋ ರಿಸ್ಕ್' ಎಂದು ಬಂತು. ಅಲ್ಲಿಗೆ ಆ ವರದಿಯನ್ನು ಮಡಚಿಡುವವರೇ ಹೆಚ್ಚು, ಅದು ನನಗೆ ಸರಿ ಕಾಣುವುದಿಲ್ಲ. ಕ್ರೋಮೋಸೋಮ್ ಸಹಜವಿದ್ದೂ ಪ್ಯಾಪ್-ಎ ತೀರಾ ಕಡಿಮೆಯಿದ್ದರೆ ಮಾಸು ದುರ್ಬಲವಾಗಿರಬಹುದು, ಮುಂದೆ ಮಗುವಿನ ಬೆಳವಣಿಗೆ ಕುಂಠಿತವಾಗುವ, ತಾಯಿಗೆ ರಕ್ತದೊತ್ತಡ ಏರುವ ಸಂಭವ ತುಸು ಹೆಚ್ಚು. ಆದ್ದರಿಂದ ಐದನೇ ತಿಂಗಳ ಸ್ಕ್ಯಾನಿನ ಜೊತೆಗೆ 28 ಮತ್ತು 32 ವಾರಗಳಲ್ಲಿ ಬೆಳವಣಿಗೆಯ ಸ್ಕ್ಯಾನ್, ಪ್ರತಿ ಭೇಟಿಯಲ್ಲೂ ಬಿ.ಪಿ. ಎಂದು ಅವರ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಬರೆದುಕೊಟ್ಟೆ.