ಧನ್ಯವಾದದ ಇಮೇಲಿನಲ್ಲಿ ಹೆಸರು ಬದಲಿಸಿ ನೋಡಿ

ಕಂಪನಿಗಳ ಒಳಗಿನ ಬರವಣಿಗೆ ತಿದ್ದಿಕೊಡುವುದು ನನ್ನ ಕೆಲಸ. ದೊಡ್ಡ ಪ್ರಾಜೆಕ್ಟ್ ಮುಗಿದಾಗ ಮ್ಯಾನೇಜರ್‌ಗಳು ಟೀಮಿಗೆ ಧನ್ಯವಾದದ ಇಮೇಲ್ ಬರೆದು, ‘ಒಂದ್ಸಲ ನೋಡಿಬಿಡಿ’ ಅಂತ ನನಗೆ ಕಳಿಸುತ್ತಾರೆ. ಅದ್ಭುತ ಟೀಮ್, ಅಸಾಧಾರಣ ಶ್ರಮ, ಹಗಲು ರಾತ್ರಿ ದುಡಿದಿರಿ, ಹೆಮ್ಮೆಯಾಗುತ್ತಿದೆ. ಬರೆದವರ ಮನಸ್ಸಿನಲ್ಲಿ ನಿಜವಾಗಿಯೂ ಕೃತಜ್ಞತೆ ಇರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಓದುವವರಿಗೆ ಅದು ತಲುಪುವುದಿಲ್ಲ. ‘ಯಾರು ಏನು ಮಾಡಿದರು ಅಂತ ಬರೆಯಿರಿ’ ಎಂದು ವಾಪಸ್ ಕಳಿಸುತ್ತೇನೆ. ಮರುದಿನ ಹೊಸ ಕರಡು ಬರುತ್ತದೆ: ‘ಟೆಸ್ಟಿಂಗ್‌ನಲ್ಲಿ ಇವರ ಕೊಡುಗೆ ಅಪಾರ. ಡೇಟಾಬೇಸ್‌ನಲ್ಲಿ ಅವರ ಪರಿಶ್ರಮ ಅನನ್ಯ.’

ನನಗೆ ತಾಳ್ಮೆ ತಪ್ಪುವುದು ಇಲ್ಲೇ. ಹೆಸರು ಬಂತು, ವಿಭಾಗ ಬಂತು, ವಿಷಯ ಬರಲೇ ಇಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ. ನೀವು ಬರೆದ ವಾಕ್ಯದಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿ. ಆಗಲೂ ವಾಕ್ಯ ಸರಿಯಾಗೇ ಕಂಡರೆ, ನೀವು ಇನ್ನೂ ಏನೂ ಹೇಳಿಲ್ಲ. ‘ಇವರ ಕೊಡುಗೆ ಅಪಾರ’ ಅನ್ನುವುದು ಯಾರಿಗೂ ಒಪ್ಪುತ್ತದೆ. ಹೋದ ವರ್ಷದ ಪ್ರಾಜೆಕ್ಟಿಗೂ ಒಪ್ಪುತ್ತದೆ. ಓದುವ ವ್ಯಕ್ತಿಗೆ ಇದು ತಕ್ಷಣ ಗೊತ್ತಾಗುತ್ತದೆ. ತಾನು ಏನು ಮಾಡಿದೆ ಅನ್ನುವುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ, ಅಲ್ವಾ? ಅದನ್ನು ನೀವು ನೋಡಿದ್ದೀರಾ ಇಲ್ಲವಾ ಅನ್ನುವುದನ್ನಷ್ಟೇ ಅವರು ಆ ಇಮೇಲಿನಲ್ಲಿ ಹುಡುಕುತ್ತಾರೆ.

ಒಂದು ಉದಾಹರಣೆ. ಗ್ರಾಹಕರಿಗೆ ತಿಂಗಳ ಬಿಲ್ ಕಳಿಸುವ ಒಂದು ಸಂಸ್ಥೆ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಯಿತು. ಇಂಥ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು. ಎಲ್ಲ ಖಾತೆಗಳೂ ಒಂದೇ ವಾರಾಂತ್ಯದಲ್ಲಿ ದಾಟಬೇಕು. ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಎಲ್ಲವೂ ಸರಿಯಿರಬೇಕು. ಅವರ ಪ್ರಾಜೆಕ್ಟ್ ಮ್ಯಾನೇಜರ್ ಕಳಿಸಿದ ಕರಡಿನಲ್ಲೂ ‘ಟೆಸ್ಟಿಂಗ್ ಟೀಮಿನ ಅಪ್ರತಿಮ ಕೆಲಸ’ ಅಂತಿತ್ತು. ಫೋನ್ ಮಾಡಿ, ‘ಏನು ಅಪ್ರತಿಮ? ನಡೆದದ್ದು ಹೇಳಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ಏನೋ ದೊಡ್ಡ ತಪ್ಪು ಹಿಡಿದರಂತೆ ಸರ್, ಪೂರ್ತಿ ವಿವರ ನನಗೆ ಗೊತ್ತಿಲ್ಲ’ ಅಂದರು.

ಮೂಲ ಸಮಸ್ಯೆ ಇದೇ. ಭಾಷೆ ಬರದೆ ವಿಶೇಷಣ ಹಾಕುವವರು ಕಡಿಮೆ. ವಿಷಯ ಗೊತ್ತಿಲ್ಲದೆ ಹಾಕುವವರೇ ಜಾಸ್ತಿ. ಮ್ಯಾನೇಜರ್ ಮೀಟಿಂಗ್‌ಗಳಲ್ಲಿ ಇರುತ್ತಾರೆ, ಕೆಲಸ ಬೇರೆ ಕಡೆ ನಡೆಯುತ್ತಿರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೇಳದೆ ಬರೆಯಲು ಕೂರುವುದು ಮಾತ್ರ ತಪ್ಪು.

ಹಾಗಾಗಿ ಬರೆಯುವ ಮುಂಚೆ ಅರ್ಧ ದಿನ ಕೇಳುವುದಕ್ಕೆ ಇಟ್ಟುಕೊಳ್ಳಿ. ‘ನೀವೇನು ಮಾಡಿದಿರಿ?’ ಅಂತ ಕೇಳಿದರೆ ಸಂಕೋಚದವರು ಬಾಯಿ ಬಿಡುವುದಿಲ್ಲ. ಮಾತುಗಾರರು ನಿಲ್ಲಿಸುವುದಿಲ್ಲ. ಅದರ ಬದಲು ಪ್ರತಿಯೊಬ್ಬರನ್ನೂ ಹೀಗೆ ಕೇಳಿ: ‘ಈ ಪ್ರಾಜೆಕ್ಟಿನಲ್ಲಿ ನಿಮ್ಮ ಕೆಲಸ ಸುಲಭವಾಗೋ ಹಾಗೆ ಬೇರೆ ಯಾರು, ಏನು ಮಾಡಿದರು?’ ಆಗ ಜನ ಇನ್ನೊಬ್ಬರ ಬಗ್ಗೆ ಬಿಚ್ಚುಮನಸ್ಸಿನಿಂದ ಹೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಬರುವುದೂ ಆಗಲೇ. ಕೇಳಿದ್ದನ್ನು ಸಂಬಂಧಪಟ್ಟವರ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರನ್ನು ಹೊಗಳಿದರೆ, ಇಮೇಲ್ ಕಳಿಸದೇ ಇರುವುದಕ್ಕಿಂತ ಕೆಟ್ಟದಾಗುತ್ತದೆ.

ಆ ಮ್ಯಾನೇಜರ್ ಹೋಗಿ ಕೇಳಿದರು. ಆಗ ಸಿಕ್ಕಿದ್ದು ಇದು. ನಿಜವಾದ ವರ್ಗಾವಣೆಗೆ ಮುಂಚೆ ಒಂದು ಪ್ರಯೋಗ ನಡೆದಿತ್ತು. ಹಳೆಯದರಲ್ಲಿ ಎಷ್ಟು ಖಾತೆ ಇದ್ದವೋ ಹೊಸದರಲ್ಲೂ ಅಷ್ಟೇ ಬಂದಿದ್ದವು. ಲೆಕ್ಕ ಸರಿಯಿದೆ ಅಂತ ಎಲ್ಲರೂ ಮುಂದೆ ಹೋಗಲು ಸಿದ್ಧರಿದ್ದರು. ಟೆಸ್ಟಿಂಗ್ ಮಾಡುತ್ತಿದ್ದ ಒಬ್ಬರು ಖಾತೆಗಳ ಸಂಖ್ಯೆಗೆ ನಿಲ್ಲದೆ, ಎರಡೂ ಕಡೆಯ ಬಾಕಿ ಮೊತ್ತವನ್ನು ಕೂಡಿ ನೋಡಿದರು. ಹೊಸದರಲ್ಲಿ ಬಾಕಿ ಜಾಸ್ತಿ ಬಂತು. ಆ ವ್ಯತ್ಯಾಸ, ಗ್ರಾಹಕರು ಮುಂಗಡವಾಗಿ ಕಟ್ಟಿದ್ದ ಒಟ್ಟು ಹಣದ ಸರಿಯಾಗಿ ಎರಡರಷ್ಟಿತ್ತು. ಅಲ್ಲೇ ಅವರಿಗೆ ಸುಳಿವು ಸಿಕ್ಕಿತು. ಕಳೆಯಬೇಕಾದ ಮೊತ್ತ ಕೂಡಿಕೊಂಡರೆ ಮಾತ್ರ ವ್ಯತ್ಯಾಸ ಎರಡರಷ್ಟಾಗುತ್ತದೆ. ಹಳೆಯ ಸಾಫ್ಟ್‌ವೇರ್ ಮುಂಗಡದ ಮೊತ್ತಕ್ಕೆ ಮೈನಸ್ ಚಿಹ್ನೆಯನ್ನು ಸಂಖ್ಯೆಯ ಕೊನೆಗೆ ಹಾಕುತ್ತಿತ್ತು. ಖಾತೆಗಳನ್ನು ಹೊಸದಕ್ಕೆ ದಾಟಿಸಲು ಬರೆದ ಸ್ಕ್ರಿಪ್ಟಿನಲ್ಲಿ ಆ ಚಿಹ್ನೆ ಬಿದ್ದುಹೋಗುತ್ತಿತ್ತು. ಹಾಗೇ ಬಿಟ್ಟಿದ್ದರೆ, ಮುಂಚೆಯೇ ಹಣ ಕಟ್ಟಿದವರಿಗೆಲ್ಲ ‘ಬಾಕಿ ಕಟ್ಟಿ’ ಅಂತ ಬಿಲ್ ಹೋಗುತ್ತಿತ್ತು.

ಇದನ್ನು ‘ಅಪ್ರತಿಮ’ ಅನ್ನುವ ಒಂದು ಮಾತಿನಲ್ಲಿ ಮುಚ್ಚಿಬಿಡುವುದು ಅನ್ಯಾಯ.

ಇನ್ನೊಂದು ವಿಷಯವೂ ಹೊರಗೆ ಬಂತು. ಸಹಾಯವಾಣಿಯಲ್ಲಿ ಫೋನ್ ತೆಗೆಯುವ ಒಬ್ಬರು, ‘ಹೊಸ ಸ್ಕ್ರೀನಿನಲ್ಲಿ ಹಳೆಯ ಖಾತೆ ಸಂಖ್ಯೆ ಹಾಕಿ ಹುಡುಕಲು ಬರಬೇಕು. ಫೋನ್ ಮಾಡುವವರಿಗೆ ಗೊತ್ತಿರೋದು ಅದೊಂದೇ’ ಅಂತ ಪಟ್ಟು ಹಿಡಿದಿದ್ದರು. ಪಟ್ಟು ಹಿಡಿದಾಗ ಕೆಲವರಿಗೆ ಕಿರಿಕಿರಿಯಾಗಿತ್ತಂತೆ. ಸೋಮವಾರ ಫೋನುಗಳು ಬಂದಾಗ ಅದೇ ಕೈ ಹಿಡಿಯಿತು. ಅವರು ಪ್ರಾಜೆಕ್ಟ್ ಟೀಮಿನವರಲ್ಲ, ಬೇರೆ ವಿಭಾಗದವರು. ಮೊದಲ ಕರಡಿನಲ್ಲಿ ಅವರ ಹೆಸರೇ ಇರಲಿಲ್ಲ. ಬಿಟ್ಟುಹೋಗುವವರು ಯಾವಾಗಲೂ ಇಂಥವರೇ: ಬೇರೆ ವಿಭಾಗದವರು, ಗುತ್ತಿಗೆಯ ಮೇಲೆ ಬಂದವರು, ಅರ್ಧದಲ್ಲಿ ಬೇರೆ ಕೆಲಸಕ್ಕೆ ಹೋದವರು.

ಕೊನೆಗೆ ಹೋದ ಇಮೇಲ್ ಸುಮಾರಾಗಿ ಹೀಗಿತ್ತು. ಹೆಸರುಗಳ ಜಾಗದಲ್ಲಿ ನಾನು ಕೆಲಸ ಹಾಕಿದ್ದೇನೆ.

‘ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಹೊಸ ಸಾಫ್ಟ್‌ವೇರಿನಲ್ಲೇ ಬಿಲ್ ಹೋಗುತ್ತಿವೆ. ಇದಕ್ಕೆ ಕಾರಣವಾದ ಕೆಲವು ಕೆಲಸಗಳು ಎಲ್ಲರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಪ್ರಯೋಗದಲ್ಲಿ ಖಾತೆಗಳ ಸಂಖ್ಯೆ ಹೊಂದಿದ ಮೇಲೂ ಟೆಸ್ಟಿಂಗ್‌ನವರು ಮೊತ್ತವನ್ನು ಕೂಡಿ ನೋಡಿದರು. ಮುಂಗಡದ ಮೈನಸ್ ಚಿಹ್ನೆ ಬಿದ್ದುಹೋಗುತ್ತಿರುವುದು ಅದರಿಂದಲೇ ತಿಳಿಯಿತು. ಸ್ಕ್ರಿಪ್ಟ್ ನೋಡಿಕೊಂಡವರು ಅದೇ ದಿನ ಸರಿಪಡಿಸಿ, ಆ ಖಾತೆಗಳಷ್ಟೇ ಸಾಲದು ಅಂತ ಎಲ್ಲವನ್ನೂ ಮೊದಲಿನಿಂದ ಮತ್ತೆ ಲೋಡ್ ಮಾಡಿ ತೋರಿಸಿದರು. ಡೇಟಾಬೇಸ್‌ನವರು ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಪ್ರಯೋಗದಲ್ಲೇ ಬರೆದಿಟ್ಟಿದ್ದರು. ಶನಿವಾರ ಲೋಡ್ ನಿಧಾನವಾದಾಗ, ಮುಂದುವರಿಯಬಹುದು ಅಂತ ಧೈರ್ಯವಾಗಿ ಹೇಳಲು ಆಗಿದ್ದು ಆ ಪಟ್ಟಿಯಿಂದ. ಹಳೆಯ ಖಾತೆ ಸಂಖ್ಯೆಯಿಂದ ಹುಡುಕುವ ಸೌಲಭ್ಯ ಬೇಕು ಅಂತ ಕೇಳಿದ್ದು ಸಹಾಯವಾಣಿಯವರು. ಸೋಮವಾರ ಅದನ್ನೇ ಎಲ್ಲರೂ ಬಳಸಿದರು. ಟೆಸ್ಟ್ ಸರ್ವರ್ ತಡವಾಗಿ ಸಿಕ್ಕಿದ್ದರಿಂದ ಕೊನೆಯ ವಾರಗಳ ಭಾರ ನಿಮ್ಮ ಮೇಲೆ ಬಿತ್ತು. ಮುಂದಿನ ಸಲ ಸರ್ವರ್ ಕೈಗೆ ಬರುವ ತನಕ ನಾನು ದಿನಾಂಕ ಒಪ್ಪಿಕೊಳ್ಳುವುದಿಲ್ಲ. ಧನ್ಯವಾದಗಳು.’

ಒಂದೇ ಒಂದು ‘ಅದ್ಭುತ’ ಇಲ್ಲ. ಇಲ್ಲಿ ಯಾವ ಹೆಸರನ್ನೂ ಅದಲು ಬದಲು ಮಾಡಲು ಆಗುವುದಿಲ್ಲ. ಪ್ರತಿ ಹೊಗಳಿಕೆಯಲ್ಲೂ ಮಾಡಿದ ಕೆಲಸ ಇದೆ, ಅದರಿಂದ ಆದದ್ದು ಇದೆ. ಎರಡನೆಯದನ್ನು ಜನ ಮರೆಯುತ್ತಾರೆ. ‘ಹಂತಗಳ ಸಮಯ ಬರೆದಿಟ್ಟರು’ ಅಂತಷ್ಟೇ ಹೇಳಿ ನಿಲ್ಲಿಸಿದರೆ ಅದು ಹಾಜರಿ ಪುಸ್ತಕದ ಥರ ಆಗುತ್ತದೆ. ಆ ಪಟ್ಟಿ ಶನಿವಾರ ರಾತ್ರಿ ಯಾವ ನಿರ್ಧಾರಕ್ಕೆ ಬೇಕಾಯಿತು ಅಂದಾಗಲೇ ಅದರ ಬೆಲೆ ಗೊತ್ತಾಗುವುದು.

ತಪ್ಪು ಸಿಕ್ಕಿದ ವಾಕ್ಯವನ್ನು ಇನ್ನೊಮ್ಮೆ ನೋಡಿ. ಸ್ಕ್ರಿಪ್ಟ್ ಬರೆದವರೂ ಅದೇ ಇಮೇಲ್ ಓದುತ್ತಾರೆ. ಮ್ಯಾನೇಜರ್ ಮೊದಲು ‘ಸ್ಕ್ರಿಪ್ಟಿನಲ್ಲಿದ್ದ ಗಂಭೀರ ತಪ್ಪನ್ನು ಹಿಡಿದರು’ ಅಂತ ಬರೆದಿದ್ದರು. ಒಬ್ಬರನ್ನು ಹೊಗಳಲು ಹೋಗಿ ಇನ್ನೊಬ್ಬರನ್ನು ಎಲ್ಲರ ಮುಂದೆ ನಿಲ್ಲಿಸಿದ ಹಾಗಾಯಿತು. ಏನಾಗುತ್ತಿತ್ತು ಅನ್ನುವುದನ್ನು ಹೇಳಿ, ಯಾರಿಂದ ಅನ್ನುವುದನ್ನು ಬಿಟ್ಟೆವು. ಪೂರ್ತಿ ಮತ್ತೆ ಲೋಡ್ ಮಾಡಿ ತೋರಿಸಿದ್ದು ನಿಜವಾಗಿ ನಡೆದದ್ದರಿಂದ ಅದನ್ನು ಸೇರಿಸಿದೆವು. ನಡೆಯದೇ ಇದ್ದಿದ್ದರೆ, ಸಮಾಧಾನಕ್ಕೆ ಅಂತ ಸೇರಿಸಬೇಡಿ ಎನ್ನುತ್ತಿದ್ದೆ.

ನಿದ್ದೆಗೆಟ್ಟದ್ದನ್ನು ಹೊಗಳಬೇಡಿ ಅಂತಲೂ ಹೇಳುತ್ತೇನೆ. ಈ ಮಾತಿಗೆ ಯಾವಾಗಲೂ ವಿರೋಧ ಬರುತ್ತದೆ: ‘ನಿಜವಾಗಿ ಕಷ್ಟಪಟ್ಟಿದ್ದಾರಲ್ಲ ಸರ್!’ ಪಟ್ಟಿದ್ದಾರೆ. ಆದರೆ ‘ಮಧ್ಯರಾತ್ರಿಯವರೆಗೂ ಕೂತರು’ ಅನ್ನುವುದು ಹೊಗಳಿಕೆಯಾದರೆ, ಸಂಜೆ ಮಗುವನ್ನು ನೋಡಿಕೊಳ್ಳಲು ಮನೆಗೆ ಹೋಗಿಯೂ ಕೆಲಸ ಮುಗಿಸಿದವರು ತಾವು ಕಡಿಮೆ ಅಂದುಕೊಳ್ಳುತ್ತಾರೆ. ಮುಂದಿನ ಪ್ರಾಜೆಕ್ಟಿನಲ್ಲಿ ಎಲ್ಲರೂ ಮಧ್ಯರಾತ್ರಿ ಕೂರಬೇಕು ಅನ್ನುವ ಸೂಚನೆಯೂ ಅದರಲ್ಲಿ ಇರುತ್ತದೆ. ಕಷ್ಟವನ್ನು ಒಪ್ಪಿಕೊಳ್ಳಿ, ಅದಕ್ಕೆ ಕಾರಣ ಹೇಳಿ, ನಿಮ್ಮ ಕೈಲಿ ಆಗುವುದಿದ್ದರೆ ಮಾತ್ರ ಮಾತು ಕೊಡಿ. ಮನೆಯಲ್ಲಿ ಕಾಯಿಲೆ ಇದ್ದರೂ ಬಂದರು ಅನ್ನುವಂಥ ಸಂಗತಿಗಳನ್ನು, ಅವರು ಒಪ್ಪದೆ, ಎಲ್ಲರಿಗೂ ಹೋಗುವ ಇಮೇಲಿನಲ್ಲಿ ಬರೆಯಲೇಬೇಡಿ.

ಟೀಮು ಚಿಕ್ಕದಿದ್ದರೆ ಎಲ್ಲರ ಹೆಸರೂ ಬರಬೇಕು. ಹತ್ತು ಜನರಲ್ಲಿ ಒಂಬತ್ತು ಜನರನ್ನು ಹೆಸರಿಸಿದರೆ ಇಡೀ ಇಮೇಲ್ ಆ ಹತ್ತನೆಯವರ ಬಗ್ಗೆಯೇ ಆಗಿಬಿಡುತ್ತದೆ. ಐವತ್ತು ಅರವತ್ತು ಜನರಿದ್ದರೆ ಅದು ಆಗದ ಮಾತು. ಆಗ ಎಲ್ಲರಿಗೂ ಹೋಗುವುದರಲ್ಲಿ ಕೆಲಸಗಳ ಬಗ್ಗೆ ಬರೆದು, ಒಬ್ಬೊಬ್ಬರಿಗೂ ಎರಡು ಮೂರು ಸಾಲು ಬೇರೆಯಾಗಿ ಕಳಿಸುವುದು ವಾಸಿ. ಕೆಲವರಿಗೆ ಎಲ್ಲರ ಮುಂದೆ ಹೊಗಳಿಸಿಕೊಳ್ಳುವುದೇ ಮುಜುಗರ. ನಿಮ್ಮ ಟೀಮಿನಲ್ಲಿ ಅಂಥವರು ಯಾರು ಅನ್ನುವುದು ನಿಮಗೇ ಗೊತ್ತಿರಬೇಕು, ನಾನು ಇಲ್ಲಿಂದ ಹೇಳಲಾರೆ. ಬೇರೆ ವಿಭಾಗದವರಿಗೆ ಬರೆದಾಗ ಅವರ ಮೇಲಿನವರಿಗೂ ಒಂದು ಪ್ರತಿ ಹಾಕಿ. ಅವರ ವರ್ಷದ ಮೌಲ್ಯಮಾಪನ ಮಾಡುವುದು ನೀವಲ್ಲ, ಆ ಮೇಲಿನವರು. ಸಹಾಯವಾಣಿಯ ಸೂಪರ್‌ವೈಸರಿಗೆ ಹುಡುಕುವ ಸೌಲಭ್ಯದ ಕಥೆ ಆ ಇಮೇಲ್ ಬರುವ ತನಕ ಗೊತ್ತೇ ಇರಲಿಲ್ಲ.

ಕೆಲಸ ಮುಗಿದ ವಾರದಲ್ಲೇ ಕಳಿಸಿ, ಇಲ್ಲದಿದ್ದರೆ ವಿವರ ನಿಮಗೂ ಮರೆಯುತ್ತದೆ. ‘ಬಾಕಿ ಉಳಿದ ಡಾಕ್ಯುಮೆಂಟ್‌ಗಳನ್ನು ಶುಕ್ರವಾರದೊಳಗೆ ಕೊಡಿ’ ಅನ್ನುವುದನ್ನು ಇದರ ಕೊನೆಗೆ ಸೇರಿಸಬೇಡಿ. ಅದು ಬೇಕೇ ಬೇಕಿದ್ದರೆ ಮಾರನೆಯ ದಿನ ಬೇರೆ ಇಮೇಲ್ ಹಾಕಿ.