ಥೈರಾಯ್ಡ್ ಇದ್ದವರು ಕೋಸು ತಿನ್ನಬಾರದಾ?

ಓದುಗರ ಪ್ರಶ್ನೆ: "ಮೇಡಂ, ನನಗೆ ಥೈರಾಯ್ಡ್ ಕಮ್ಮಿ ಇದೆ ಅಂತ ಗೊತ್ತಾಗಿ ಮೂರು ತಿಂಗಳಾಯಿತು. 50ರ ಮಾತ್ರೆ ತಗೊಳ್ತಿದ್ದೀನಿ. ಎಲೆಕೋಸು, ಹೂಕೋಸು, ಮೂಲಂಗಿ, ಸೋಯಾ ಏನನ್ನೂ ಮುಟ್ಟಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ತರಕಾರಿ ಅಂಗಡಿಗೆ ಹೋದರೆ ಏನು ತರಬೇಕೋ ತಿಳಿಯಲ್ಲ. ಹೋಟೆಲಿಗೆ ಹೋದರೆ ಬೇರೆಯವರು ತಿನ್ನೋದನ್ನ ನೋಡ್ತಾ ಕೂತಿರ್ತೀನಿ. ನಿಜವಾಗಿ ನಾನು ಏನು ಬಿಡಬೇಕು?"

ಕೋಸು ಬಿಡಬೇಕಾಗಿಲ್ಲ. ಮೂಲಂಗಿ ಸಾರನ್ನೂ ಬಿಡಬೇಕಾಗಿಲ್ಲ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಒಂದೆರಡು ತಿಂಗಳಿಗೊಮ್ಮೆ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಬರೀ "ತಿನ್ನಿ" ಅಂತ ಹೇಳಿ ಮುಗಿಸುವುದಿಲ್ಲ. ಈ ಮಾತು ಎಲ್ಲಿಂದ ಬಂತು, ಎಲ್ಲಿ ತಪ್ಪಾಯಿತು ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ನಿಮ್ಮ ಮನೆಯವರಿಗೂ ಓದಿ ಹೇಳಿ.

ಶುರುವಾಗಿದ್ದು 1928ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಬೇರೆ ಒಂದು ಕಾಯಿಲೆಯ ಅಧ್ಯಯನಕ್ಕೆ ಅಂತ ಅಲ್ಲಿ ಮೊಲಗಳನ್ನು ಸಾಕಿದ್ದರು. ಅವಕ್ಕೆ ತಿಂಗಳುಗಟ್ಟಲೆ ಹಾಕುತ್ತಿದ್ದ ಮೇವು ಮುಖ್ಯವಾಗಿ ಎಲೆಕೋಸು. ಆ ಮೊಲಗಳ ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿ ದೊಡ್ಡದಾಗಿ ಊದಿಕೊಂಡಿತು. ಕೋಸಿನಲ್ಲಿ ಏನೋ ಇದೆ ಅಂತ ಮೊದಲು ತಿಳಿದದ್ದು ಹೀಗೆ. ಇದು ಸುಳ್ಳಲ್ಲ. ಆದರೆ ಅದೇ ತಂಡ ಮುಂದೆ ಕಂಡುಕೊಂಡ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಮೊಲಗಳಿಗೆ ಸ್ವಲ್ಪ ಅಯೋಡಿನ್ ಕೊಟ್ಟರೆ ಗ್ರಂಥಿ ಹಾಗೆ ಊದುತ್ತಿರಲಿಲ್ಲ.

ಕೋಸಿನ ಎಲೆಯಲ್ಲಿ ಗಂಧಕ ಇರುವ ಒಂದು ಪದಾರ್ಥ ಇರುತ್ತದೆ. ಅದನ್ನು ಒಡೆಯುವ ಕಿಣ್ವ ಅದೇ ಎಲೆಯಲ್ಲಿ ಬೇರೆ ಜಾಗದಲ್ಲಿ ಇರುತ್ತದೆ. ಹಸಿ ಎಲೆಯನ್ನು ಹೆಚ್ಚಿದಾಗ, ಅಗಿದಾಗ ಎರಡೂ ಸೇರುತ್ತವೆ. ಆಗ ಹುಟ್ಟುವ ಕೆಲವು ವಸ್ತುಗಳು ಗ್ರಂಥಿಗೆ ಅಯೋಡಿನ್ ಸಿಗದಂತೆ ಅಡ್ಡ ಬರುತ್ತವೆ. ಒಲೆಯ ಮೇಲಿಟ್ಟು ಬೇಯಿಸಿದರೆ ಕಿಣ್ವ ಸತ್ತುಹೋಗುತ್ತದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ಒಂದಿಷ್ಟು ಮಾಡುತ್ತವೆ, ನಿಜ. ಆದರೆ ಪ್ರಮಾಣ ತುಂಬ ಕಡಿಮೆ. ಈಗ ಹೇಳಿ, ನಮ್ಮ ಮನೆಗಳಲ್ಲಿ ಯಾರು ಕೋಸನ್ನು ಹಸಿಯಾಗಿ ಊಟದಷ್ಟು ತಿನ್ನುತ್ತಾರೆ? ಪಲ್ಯ, ಸಾಗು, ಹುಳಿ, ವಡೆ, ಎಲ್ಲವೂ ಬೆಂದದ್ದೇ ಅಲ್ವಾ?

ಬೇಯಿಸಿ ತಿಂದರೆ ಏನಾಗುತ್ತದೆ ಅಂತ ಮನುಷ್ಯರ ಮೇಲೇ ಪರೀಕ್ಷೆ ಮಾಡಿದ್ದಾರೆ. 1986ರಲ್ಲಿ ಪ್ರಕಟವಾದ ಅಧ್ಯಯನ ಅದು. ಬ್ರಸಲ್ಸ್ ಸ್ಪ್ರೌಟ್ಸ್ ಅಂತ ನಿಂಬೆಹಣ್ಣಿನ ಗಾತ್ರದ ಕೋಸು ಇರುತ್ತದೆ, ಈ ವಸ್ತು ಅದರಲ್ಲಿ ಜಾಸ್ತಿ. ಹತ್ತು ಜನ ಅದನ್ನು ಬೇಯಿಸಿ, ದಿನಕ್ಕೆ 150 ಗ್ರಾಂ, ನಾಲ್ಕು ವಾರ ತಿಂದರು. ಅವರ ಥೈರಾಯ್ಡ್ ಪರೀಕ್ಷೆಯ ಅಂಕಿಗಳು ಬದಲಾಗಲಿಲ್ಲ. 150 ಗ್ರಾಂ ಅಂದರೆ ಊಟದ ತಟ್ಟೆಯಲ್ಲಿ ಒಳ್ಳೇ ದೊಡ್ಡ ಗುಡ್ಡೆ ಪಲ್ಯ. ಅದೂ ದಿನ ತಪ್ಪದೆ ಒಂದು ತಿಂಗಳು.

ಹಾಗಾದರೆ ಕೋಸಿನ ಜಾತಿಯ ಸೊಪ್ಪಿನಿಂದ ಯಾರಿಗೂ ತೊಂದರೆಯೇ ಆಗಿಲ್ಲವಾ? ಆಗಿದೆ. 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ನ್ಯೂಯಾರ್ಕಿನ ಪ್ರಕರಣವೊಂದು ಬಂದಿತ್ತು. 88 ವರ್ಷದ ಅಜ್ಜಿ. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಅಂತ ಬಾಕ್ ಚಾಯ್ ಅನ್ನುವ ಚೀನೀ ಕೋಸನ್ನು ಹಸಿಯಾಗಿ ತಿನ್ನುತ್ತಿದ್ದರು. ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಹಲವು ತಿಂಗಳು. ಕೊನೆಗೆ ಥೈರಾಯ್ಡ್ ಪೂರ್ತಿ ಕುಸಿದು ಪ್ರಜ್ಞೆ ಮಂಕಾದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದರು. ಅವರು ತಿಂದದ್ದನ್ನೂ ನೀವು ತಿನ್ನುವುದನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿನಾ ಬೆಳಿಗ್ಗೆ ಹಸಿ ಕೋಸು, ಕೇಲ್ ಸೊಪ್ಪು ಅರೆದು ದೊಡ್ಡ ಲೋಟದ ತುಂಬ ಜ್ಯೂಸ್ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಕೋಸಂಬರಿಗೆ ಒಂದು ಹಿಡಿ ಹಸಿ ಕೋಸು ಬಿದ್ದರೆ ಹೆದರಬೇಡಿ.

ಇನ್ನೂ ಒಂದು ಕಾರಣ ಇದೆ, ನನಗೆ ಇದೇ ಮುಖ್ಯ. ಅಡ್ಡ ಬರುವ ಆ ವಸ್ತುಗಳು ಕೆಲಸ ಮಾಡುವುದು ಗ್ರಂಥಿಯ ಒಳಗೆ, ಹಾರ್ಮೋನು ತಯಾರಾಗುವ ಜಾಗದಲ್ಲಿ. ನಿಮ್ಮ ಮಾತ್ರೆಯಲ್ಲಿ ಇರುವುದು ತಯಾರಾಗಿ ಮುಗಿದ ಹಾರ್ಮೋನು, ಅಯೋಡಿನ್ ಅದರೊಳಗೇ ಸೇರಿಕೊಂಡಿದೆ. ಮನೆಯ ಗ್ರೈಂಡರ್ ಕೆಟ್ಟಿದೆ, ಅಂಗಡಿಯಿಂದ ಇಡ್ಲಿ ಹಿಟ್ಟಿನ ಪ್ಯಾಕೆಟ್ ತಂದಿದ್ದೀರಿ ಅಂದುಕೊಳ್ಳಿ. ಆಮೇಲೆ ಮನೆಯಲ್ಲಿ ಕರೆಂಟ್ ಹೋದರೆ ಆ ಹಿಟ್ಟಿಗೇನು? ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದವರೂ ನನ್ನ ಹತ್ತಿರ ಬಂದು "ಕೋಸು ಬಿಟ್ಟಿದ್ದೀನಿ" ಅನ್ನುತ್ತಾರೆ. ಇಲ್ಲದ ಗ್ರಂಥಿಗೆ ಕೋಸು ಏನು ಮಾಡೀತು?

ನಮ್ಮ ಹಿರಿಯರು ಕಂಡದ್ದು ಅಯೋಡಿನ್ ಸಾಲದೆ ಬರುವ ಗಳಗಂಡ. ಈಗ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಹಾಶಿಮೋಟೊ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ. ಎರಡೂ ಬೇರೆ ಬೇರೆ. ಮೊದಲನೆಯದರ ಪಥ್ಯವನ್ನು ಎರಡನೆಯದಕ್ಕೆ ಹೊರಿಸಿದ್ದರಿಂದ ಈ ಗೊಂದಲ.

ಕೋಸಿನ ಮೇಲೆ ಇಟ್ಟ ಕಣ್ಣನ್ನು ಈಗ ಕಾಫಿ ಲೋಟದ ಕಡೆ ತಿರುಗಿಸಿ. ನಿಜವಾದ ತೊಂದರೆ ಅಲ್ಲಿದೆ.

ನಮ್ಮ ಅತ್ತಿಗೆಯ ವಿಷಯವನ್ನೇ ಹೇಳುತ್ತೇನೆ. ಅವರದು 75ರ ಮಾತ್ರೆ. ಒಂದು ದಿನವೂ ತಪ್ಪಿಸಿದವರಲ್ಲ. ಕೋಸು, ಮೂಲಂಗಿ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಟಿಎಸ್‌ಎಚ್ 9ರ ಮೇಲೇ ಇತ್ತು. ಹಾರ್ಮೋನು ಸಾಲದಿದ್ದರೆ ರಕ್ತ ಪರೀಕ್ಷೆಯಲ್ಲಿ ಈ ಅಂಕಿ ಏರುತ್ತದೆ. ಡೋಸ್ ಜಾಸ್ತಿ ಮಾಡುವ ಮಾತು ಬಂದಿತ್ತು. ಅವರ ಬೆಳಗಿನ ಕೆಲಸಗಳನ್ನು ಗಡಿಯಾರ ಹಿಡಿದು ಬರೆಸಿದೆ. ಆರು ಗಂಟೆಗೆ ಏಳುವುದು, ಆರೂಕಾಲಿಗೆ ಮಾತ್ರೆ, ಅದನ್ನು ನುಂಗುವುದು ಫಿಲ್ಟರ್ ಕಾಫಿಯ ಮೊದಲ ಗುಟುಕಿನ ಜೊತೆ. ಎಂಟಕ್ಕೆ ತಿಂಡಿ, ತಿಂಡಿ ಆದ ಕೂಡಲೇ ಮೂಳೆಗೆ ಅಂತ ಕೊಟ್ಟ 500ರ ಕ್ಯಾಲ್ಸಿಯಂ ಮಾತ್ರೆ.

ಕಾಫಿ ಈ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ನಮ್ಮ ಕಾಫಿಯಲ್ಲಿ ಹಾಲೂ ಇರುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇನ್ನೂ ಜೋರು. ಅವು ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಹಾಗಾಗಿ ಅತ್ತಿಗೆಗೆ ಹೇಳಿದ್ದು ಇಷ್ಟೇ. ಎದ್ದ ಕೂಡಲೇ ಮಾತ್ರೆ, ಬರೀ ನೀರಿನ ಜೊತೆ. ಕಾಫಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ರಾತ್ರಿ ಊಟದ ನಂತರ, ಅಂದರೆ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ. ಡಾಕ್ಟರಿಗೂ ತಿಳಿಸಿದೆವು, ಅವರು ಡೋಸ್ ಹಾಗೇ ಇಟ್ಟರು. ಎಂಟು ವಾರ ಬಿಟ್ಟು ನೋಡಿದಾಗ ಟಿಎಸ್‌ಎಚ್ 3.2. ಅಷ್ಟು ಹೊತ್ತಿಗೆ ಅವರು ಕೋಸಿನ ಪಲ್ಯವನ್ನೂ ಮತ್ತೆ ಶುರು ಮಾಡಿದ್ದರು. ಆ ರಿಪೋರ್ಟ್ ನೋಡಿ ನನಗೆ ಆದ ಸಂತೋಷ ಸಣ್ಣದಲ್ಲ.

ಎಂಟು ವಾರ ಯಾಕೆ ಅಂದರೆ ಈ ಹಾರ್ಮೋನು ದೇಹದಲ್ಲಿ ನಿಧಾನವಾಗಿ ಕರಗುತ್ತದೆ, ಅರ್ಧ ಕರಗಲು ಸುಮಾರು ಏಳು ದಿನ ಬೇಕು. ಹದಿನೈದು ದಿನಕ್ಕೇ ರಕ್ತ ಕೊಟ್ಟರೆ ಸರಿಯಾದ ಅಂಕಿ ಸಿಗುವುದಿಲ್ಲ. ಬೆಳಿಗ್ಗೆ ಕಾಫಿಗೆ ಒಂದು ಗಂಟೆ ಕಾಯಲು ಆಗದವರು ಡಾಕ್ಟರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ತೆಗೆದುಕೊಳ್ಳಬಹುದು. ಆಗ ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನಕ್ಕೆ ಹೋಗಬೇಕು.

ಸೋಯಾ ವಿಷಯವೂ ಇಲ್ಲೇ ಬರುತ್ತದೆ. ಅಯೋಡಿನ್ ಸಾಕಷ್ಟು ಸಿಗುವವರಲ್ಲಿ ಸೋಯಾ ಗ್ರಂಥಿಯನ್ನು ಹಾಳು ಮಾಡುವುದಿಲ್ಲ. ಮಾತ್ರೆ ಹೀರಿಕೆಗೆ ಅಡ್ಡ ಬರಬಹುದು, ಅಷ್ಟೇ. ಮಧ್ಯಾಹ್ನದ ಪಲಾವ್‌ನಲ್ಲಿ ಮೀಲ್ ಮೇಕರ್ ಇದ್ದರೆ ಧಾರಾಳವಾಗಿ ತಿನ್ನಿ. ಮಾತ್ರೆ ನುಂಗಿದ ಅರ್ಧ ಗಂಟೆಗೆ ಸೋಯಾ ಹಾಲು ಕುಡಿಯಬೇಡಿ.

ಈಗ ಹೋಟೆಲ್. ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿದ್ದರೆ ಮಾತ್ರೆ ಕೈಚೀಲದಲ್ಲಿ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಎಚ್ಚರವಾದಾಗ ನೀರಿನ ಜೊತೆ ನುಂಗಿ. ಬಸ್ ಇಳಿದು ದರ್ಶಿನಿಗೆ ಹೋಗುವ ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಇಡ್ಲಿ, ವಡೆ, ಕಾಫಿ, ಯಾವುದಕ್ಕೂ ಅಡ್ಡಿ ಇಲ್ಲ. ಗೋಬಿ ಮಂಚೂರಿ ತಿನ್ನಬಹುದಾ ಅಂತ ಕೇಳುವವರು ತುಂಬ. ಅದರಲ್ಲಿ ನಿಮ್ಮ ಥೈರಾಯ್ಡಿಗೆ ಹೂಕೋಸಿನಿಂದ ಅಪಾಯ ಇಲ್ಲ. ಅನುಮಾನ ಪಡಬೇಕಾದ್ದು ಬಣ್ಣವನ್ನು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಕೆಂಪಗೆ ಹೊಳೆಯುತ್ತಿದ್ದರೆ, ಬೆರಳಿಗೆ ಬಣ್ಣ ಹತ್ತಿದರೆ ಬಿಟ್ಟು ಬನ್ನಿ. ಅದು ಎಲ್ಲರಿಗೂ ಅನ್ವಯ.

ಅಂಗಡಿಯಲ್ಲಿ ನೋಡಬೇಕಾದ ಒಂದೇ ಪ್ಯಾಕೆಟ್ ಉಪ್ಪಿನದು. ಈಚೆಗೆ ಎಷ್ಟೋ ಮನೆಗಳಲ್ಲಿ ಪುಡಿ ಉಪ್ಪಿನ ಬದಲು ಗುಲಾಬಿ ಬಣ್ಣದ ಸೈಂಧವ ಲವಣ ಬಂದಿದೆ. ಅದರಲ್ಲಿ ಅಯೋಡಿನ್ ಇಲ್ಲ ಅನ್ನುವಷ್ಟು ಕಡಿಮೆ, ಬೇರೆಯಾಗಿ ಸೇರಿಸಿದ್ದರೆ ಮಾತ್ರ ಇರುತ್ತದೆ. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ಇದೆಯಾ ನೋಡಿ, ಅಯೋಡಿನ್ ಸೇರಿಸಿದ ಉಪ್ಪಿನ ಗುರುತು ಅದು. ನಮ್ಮ ಕೈಗೆ ಬರುವ ಉಪ್ಪಿನ ಒಂದು ಗ್ರಾಂನಲ್ಲಿ ಕಡಿಮೆ ಅಂದರೂ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು ಅನ್ನುವುದು ನಿಯಮ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150. ಐದು ಗ್ರಾಂ ಉಪ್ಪಿನಿಂದ ಅರ್ಧ ಬರುತ್ತದೆ. ಉಳಿದದ್ದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು ಇವೆ. ಹಾಗಂತ ಉಪ್ಪು ಜಾಸ್ತಿ ಹಾಕಬೇಡಿ. ಅಯೋಡಿನ್ ಹನಿ, ಕಡಲ ಪಾಚಿಯ ಕ್ಯಾಪ್ಸೂಲ್ ಅಂತೂ ತರಲೇಬೇಡಿ. ಹಾಶಿಮೋಟೊ ಇದ್ದವರಿಗೆ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನೂ ಕುಗ್ಗಿಸಬಹುದು.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳಬೇಕು. ಥೈರಾಯ್ಡ್ ಕಮ್ಮಿ ಇದ್ದವರಿಗೆ ಕೂದಲು ಉದುರುತ್ತದೆ. ಕೂದಲು ಉದುರಿದಾಗ ಮೆಡಿಕಲ್ ಶಾಪಿಗೆ ಹೋಗಿ ಬಯೋಟಿನ್ ತರುತ್ತಾರೆ. ದಿನಕ್ಕೆ ನಮಗೆ ಬೇಕಾದ ಬಯೋಟಿನ್ 30ರಿಂದ 40 ಮೈಕ್ರೋಗ್ರಾಂ. ಕೂದಲಿಗೆ ಅಂತ ಮಾರುವ ಮಾತ್ರೆಗಳಲ್ಲಿ 5000, 10000 ಇರುತ್ತದೆ. ಇದು ಗ್ರಂಥಿಗೆ ಏನೂ ಮಾಡುವುದಿಲ್ಲ, ಆದರೆ ಲ್ಯಾಬಿನ ಪರೀಕ್ಷೆಯನ್ನು ಕೆಡಿಸುತ್ತದೆ. ಎಷ್ಟೋ ಲ್ಯಾಬುಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನು ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಡೋಸ್ ಜಾಸ್ತಿ ಆಯಿತು ಅಂತ ಡಾಕ್ಟರ್ ಮಾತ್ರೆ ಕಡಿಮೆ ಮಾಡುತ್ತಾರೆ. ಆಮೇಲೆ ಕೂದಲು ಇನ್ನೂ ಉದುರುತ್ತದೆ, ಸುಸ್ತು ಮತ್ತೆ ಬರುತ್ತದೆ. ರಿಪೋರ್ಟ್ ಚೆನ್ನಾಗಿದೆ, ಮೈ ಮಾತ್ರ ಚೆನ್ನಾಗಿಲ್ಲ ಅನ್ನಿಸಿದಾಗ ನಾನು ಮೊದಲು ಕೇಳುವುದು ಇದನ್ನೇ.

ಹಾಗಾಗಿ ರಕ್ತ ಕೊಡುವುದಕ್ಕೆ ಕಡಿಮೆ ಅಂದರೂ ಎರಡು ದಿನ ಮುಂಚೆ ಬಯೋಟಿನ್ ನಿಲ್ಲಿಸಿ. ಆ ದಿನದ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಡಾಕ್ಟರ್ ಹತ್ತಿರ ಹೋಗುವಾಗ ಕೂದಲಿನ ಮಾತ್ರೆಯ ಡಬ್ಬಿಯನ್ನೂ ಕ್ಯಾಲ್ಸಿಯಂ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಬರುವಾಗ ದಾರಿಯಲ್ಲಿ ಒಳ್ಳೇ ಕೋಸು ಕಂಡರೆ ತನ್ನಿ.