ಚೀಟಿ ಎತ್ತಿದ ದುಡ್ಡು ‘ನಮ್ಮಲ್ಲೇ ಇಡಿ’ ಅಂದಾಗ: ನನ್ನ ಟಿಪ್ಪಣಿ

ನಮ್ಮ ಚಿಕ್ಕಮ್ಮ 5 ಲಕ್ಷದ ಚೀಟಿಯೊಂದಕ್ಕೆ ಸೇರಿದ್ದರು. 25 ಜನ, 25 ತಿಂಗಳು, ತಿಂಗಳಿಗೆ 20,000. ಎಂಟನೇ ತಿಂಗಳು ಒಂದು ಲಕ್ಷ ಬಿಟ್ಟು ಕೂಗಿ ಚೀಟಿ ಎತ್ತಿದರು. ಆ ಒಂದು ಲಕ್ಷದಲ್ಲಿ ಕಂಪನಿ ತನ್ನ 5% ಕಮಿಷನ್ 25,000 ಹಿಡಿದುಕೊಂಡಿತು. ಉಳಿದ 75,000 ಎಲ್ಲರಿಗೂ ತಲಾ 3,000 ಹಂಚಿಕೆಯಾಯಿತು. ಇಷ್ಟರಲ್ಲಿ ತಪ್ಪೇನಿಲ್ಲ. ಕಮಿಷನ್ 7% ತನಕ ಹಿಡಿಯಬಹುದು.

ಚಿಕ್ಕಮ್ಮನಿಗೆ ಬರಬೇಕಾದದ್ದು 4 ಲಕ್ಷ. ಆಗ ಮ್ಯಾನೇಜರ್, ‘ಅಮ್ಮಾ, ತಗೊಂಡು ಏನ್ಮಾಡ್ತೀರಿ? ನಮ್ಮಲ್ಲೇ ಇಡಿ, ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ ಕೊಡ್ತೀವಿ’ ಅಂದರು. ತಿಂಗಳಿಗೆ 6,000! ಗೋಡೆಯ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಬೇರೆ ಇತ್ತು. ‘ರಿಜಿಸ್ಟರ್ ಆಗಿರೋ ಕಂಪನಿ ಕಣೋ’ ಅಂತ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ನಾನೂ ಹೂಂ ಅಂದುಬಿಟ್ಟೆ.

ನಾನು ಎಡವಿದ್ದು: ರಿಜಿಸ್ಟರ್ ಆಗಿದ್ದು ಯಾವುದು?

ಕಂಪನಿ ಒಮ್ಮೆ ನೋಂದಣಿಯಾದರೆ ಅದು ಮಾಡುವುದೆಲ್ಲಾ ಕಾನೂನುಬದ್ಧ ಅಂದುಕೊಂಡಿದ್ದೆ. ಚೀಟಿಯಲ್ಲಿ ಹಾಗಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಒಂದೊಂದು ಗುಂಪಿಗೂ ಬೇರೆ ಬೇರೆ ಅನುಮತಿ ಬೇಕು. ಕಂಪನಿ ಇವತ್ತು ಹತ್ತು ಚೀಟಿ ನಡೆಸುತ್ತಿದ್ದರೆ ಹತ್ತಕ್ಕೂ ಹತ್ತು ಪೂರ್ವಾನುಮತಿ ಆದೇಶ ಇರಬೇಕು. ಇದನ್ನೇ ಪಿ.ಎಸ್.ಓ. ನಂಬರ್ ಅನ್ನುವುದು. ಆಮೇಲೆ ಚೀಟಿ ಒಪ್ಪಂದದ ನೋಂದಣಿ, ಕೊನೆಗೆ ಚೀಟಿ ಶುರು ಮಾಡಲು ಪ್ರಮಾಣಪತ್ರ. ಗೋಡೆಯ ಮೇಲಿದ್ದದ್ದು ಕಂಪನಿ ಹುಟ್ಟಿದ ಪ್ರಮಾಣಪತ್ರ ಮಾತ್ರ. ಅದರಲ್ಲಿ ಚಿಕ್ಕಮ್ಮನ ಗುಂಪಿನ ಸುದ್ದಿಯೇ ಇರಲಿಲ್ಲ.

ನಿಮ್ಮ ಪಾಸ್‌ಬುಕ್ಕಿನ ಗುಂಪಿನ ನಂಬರ್ ಇಟ್ಟುಕೊಂಡು ಚಿಟ್ಸ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. ಕರ್ನಾಟಕದಲ್ಲಿ ಇದು ಸಹಕಾರ ಇಲಾಖೆಯ ಕೆಳಗೆ ಬರುತ್ತದೆ. ‘ಈ ಕಂಪನಿ ಸರಿನಾ’ ಅಂತಲ್ಲ, ‘ಈ ಗುಂಪು ನೋಂದಣಿ ಆಗಿದೆಯಾ’ ಅಂತ ಕೇಳಬೇಕು.

ಇನ್ನೊಂದು ವಿಷಯ. ಗುಂಪು ನೋಂದಣಿಯಾಗಿದ್ದರೆ ಕಂಪನಿ ಚೀಟಿ ಮೊತ್ತದಷ್ಟು ಭದ್ರತೆ ಇಟ್ಟಿರುತ್ತದೆ. ನಮ್ಮ ಲೆಕ್ಕದಲ್ಲಿ 5 ಲಕ್ಷ, ಅಂದರೆ ಒಂದು ತಿಂಗಳ ವಸೂಲಿಯಷ್ಟು. ಅದು ಆ ಚೀಟಿಗೆ ಮಾತ್ರ. ಚಿಕ್ಕಮ್ಮ ‘ಇಲ್ಲೇ ಇಟ್ಟ’ 4 ಲಕ್ಷ ಚೀಟಿಯಿಂದ ಹೊರಗೆ ಬಂದ ದುಡ್ಡು, ಅದಕ್ಕೆ ಈ ಭದ್ರತೆ ಸಿಗಲ್ಲ. ಅಷ್ಟೇ ಅಲ್ಲ, ಚೀಟಿ ಕಂಪನಿಗಳು ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಎತ್ತಿದ ದುಡ್ಡನ್ನು ಚಂದಾದಾರರು ಮುಂದಿನ ಕಂತಿನ ದಿನದ ತನಕ ತಗೊಳ್ಳದೇ ಹೋದರೆ, ಕಂಪನಿ ಅದನ್ನು ಬ್ಯಾಂಕಿನಲ್ಲಿ ಬೇರೆ ಖಾತೆಗೆ ಹಾಕಬೇಕು. ಸಾಲಕ್ಕೆ ತಿರುಗಿಸುವಂತಿಲ್ಲ.

ನನ್ನ ಮೆಚ್ಚಿನ ಅಡ್ಡದಾರಿ: ಒಂದು ರೂಪಾಯಿ ನಾಲ್ಕು ಪೈಸೆ

‘ಒಂದೂವರೆ’ ಅಂದರೆ ಕಿವಿಗೆ ಚಿಕ್ಕದು. ಬ್ಯಾಂಕಿನವರು ‘ಏಳು’ ಅಂತಾರೆ, ಇವರು ‘ಒಂದೂವರೆ’ ಅಂತಾರೆ. ಆದರೆ ಒಂದು ವರ್ಷದ್ದು, ಇನ್ನೊಂದು ತಿಂಗಳದ್ದು. 12ರಿಂದ ಗುಣಿಸಿ: 18%.

ಠೇವಣಿ ತೆಗೆದುಕೊಳ್ಳಲು ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿರುವ ಫೈನಾನ್ಸ್ ಕಂಪನಿ ಕೂಡ ವರ್ಷಕ್ಕೆ 12.5%ಗಿಂತ ಹೆಚ್ಚು ಕೊಡುವಂತಿಲ್ಲ. ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ನೂರಕ್ಕೆ ಸುಮಾರು 1.04. ಅಂದರೆ ಫೈನಾನ್ಸ್‌ನವರು ಯಾರಾದರೂ ಒಂದು ರೂಪಾಯಿ ನಾಲ್ಕು ಪೈಸೆಗಿಂತ ಜಾಸ್ತಿ ಅಂದರೆ, ಯಾವ ಪಟ್ಟಿಯನ್ನೂ ಹುಡುಕಬೇಕಿಲ್ಲ. ಅಲ್ಲಿಗೇ ನಿಯಮ ಮುರಿದಾಯಿತು. ಒಂದು ರೂಪಾಯಿ ಅಂದರೆ ಮಾತ್ರ ಮುಂದೆ ನೋಡಿ. ಇದನ್ನು ಕಂಡುಕೊಂಡ ದಿನ ಮನೆಯವರಿಗೆಲ್ಲಾ ಹೇಳಿ ತಲೆ ತಿಂದಿದ್ದೇನೆ.

ಬಡ್ಡಿ ಮಿತಿಯೊಳಗಿದ್ದರೆ

ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ಬ್ಯಾಂಕೇತರ ಹಣಕಾಸು ಕಂಪನಿಗಳ ಪಟ್ಟಿ ಇದೆ. ಅದರಲ್ಲಿ ಹೆಸರಿದ್ದರೆ ಸಾಲದು, ಹೆಚ್ಚಿನವು ಸಾಲ ಕೊಡಬಹುದು ಅಷ್ಟೇ. ಠೇವಣಿ ಪಡೆಯಲು ಅನುಮತಿ ಇರುವವುಗಳ ಪಟ್ಟಿ ಬೇರೆ, ಚಿಕ್ಕದು. ಅದರಲ್ಲಿ ಪೂರ್ತಿ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಅನುಮತಿ ಇದ್ದರೂ ಈ ಠೇವಣಿಗೆ ಬ್ಯಾಂಕಿನಂತೆ 5 ಲಕ್ಷದ ವಿಮೆ ಇಲ್ಲ.

ಪಾಲುದಾರಿಕೆ ಸಂಸ್ಥೆ ನಡೆಸುವ ‘ಫೈನಾನ್ಸ್’ ಆದರೆ ಹುಡುಕುವುದೇ ಬೇಡ. ಅಂಥವರು ನೆಂಟರಿಷ್ಟರಲ್ಲದ ಜನರಿಂದ ಠೇವಣಿ ತೆಗೆದುಕೊಳ್ಳುವಂತೆಯೇ ಇಲ್ಲ. ಲೇವಾದೇವಿ ಲೈಸೆನ್ಸ್ ತೋರಿಸುತ್ತಾರೆ, ಅದು ಸಾಲ ಕೊಡಲು. ಜಿಎಸ್‌ಟಿ ನಂಬರ್ ತೆರಿಗೆಗೆ.

ಅನುಮಾನ ಬಂದರೆ `sachet.rbi.org.in` ನಲ್ಲಿ ದೂರು ಕೊಡಬಹುದು.

ಚಿಕ್ಕಮ್ಮ ಲಿಖಿತವಾಗಿ ದುಡ್ಡು ವಾಪಸ್ ಕೇಳಿದ್ದಾರೆ. ಪತ್ರದ ನಕಲಿನ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೆವು. ಮೊದಲ ಎರಡು ಲಕ್ಷ ಬಂದಿದೆ, ಉಳಿದದ್ದಕ್ಕೆ ‘ಮುಂದಿನ ವಾರ ಬನ್ನಿ’ ಅಂದಿದ್ದಾರೆ. ಇದು ಮೂರನೇ ಮುಂದಿನ ವಾರ.